‘ಏನಾದರೂ ಡೌಟ್ ಇದೆಯಾ?’ ಮತ್ತು ಹಲಗೆಯ ಮೇಲಿನ ನಾಲ್ಕು ಸಾಲು

ಬೋಧನಾಭ್ಯಾಸದ ವೀಕ್ಷಣೆಗೆಂದು ಹಿಂದಿನ ಬೆಂಚಿನಲ್ಲಿ ಕುಳಿತಾಗ ನಾನು ಅತಿ ಹೆಚ್ಚು ಸಲ ಕೇಳುವ ವಾಕ್ಯ ಇದು: ‘ಏನಾದರೂ ಡೌಟ್ ಇದೆಯಾ ಮಕ್ಕಳೇ?’ ಉತ್ತರವೂ ಪ್ರತಿ ಸಲ ಅದೇ, ಇಡೀ ತರಗತಿ ರಾಗವಾಗಿ ‘ಇಲ್ಲಾ ಮಿಸ್’. ಈ ವರ್ಷ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಗೆ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಭಿನ್ನರಾಶಿಯ ಹೇಳಿಕೆ ಲೆಕ್ಕಗಳನ್ನು ಪಾಠ ಮಾಡಿದರು. ಹಲಗೆಯ ಮೇಲಿದ್ದ ಲೆಕ್ಕ: ಒಂದು ಅಂಗಡಿಯಲ್ಲಿ 45 ಕೆ.ಜಿ. ಸಕ್ಕರೆ ಇತ್ತು. ಅದರ 2/5 ಭಾಗ ಮಾರಾಟವಾಯಿತು. ಉಳಿದ ಸಕ್ಕರೆ ಎಷ್ಟು? ಮಕ್ಕಳು ಬರೆಯುತ್ತಿದ್ದಾಗ ಅವರು ಸಾಲುಗಳ ನಡುವೆ ಓಡಾಡುತ್ತ ಐದು ಸಲ ಡೌಟ್ ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. ಆದರೆ ಪುಸ್ತಕಗಳಲ್ಲಿ ಕೆಲವರದು ಖಾಲಿ ಹಾಳೆ, ಕೆಲವರು 45ರಿಂದ 2/5 ಅನ್ನು ನೇರವಾಗಿ ಕಳೆಯಲು ಹೊರಟಿದ್ದರು, ಇನ್ನು ಕೆಲವರು 18 ಎಂದು ಬರೆದು ಅಡಿಗೆರೆ ಎಳೆದು ಕೈಕಟ್ಟಿ ಕುಳಿತಿದ್ದರು.

ಮಕ್ಕಳು ಸುಳ್ಳು ಹೇಳಿರಲಿಲ್ಲ. ‘ಡೌಟ್ ಇದೆಯಾ’ ಎಂಬುದಕ್ಕೆ ಉತ್ತರ ಕೊಡಬೇಕಾದರೆ ಮಗುವಿಗೆ ತನಗೆ ಎಲ್ಲಿ ಕಷ್ಟವಾಗಿದೆ ಎಂದು ಗೊತ್ತಿರಬೇಕು, ಅದನ್ನು ಹೇಳುವ ಮಾತು ಬರಬೇಕು, ಎಲ್ಲರೆದುರು ಹೇಳುವ ಧೈರ್ಯವೂ ಬೇಕು. ಖಾಲಿ ಹಾಳೆಯ ಮಗುವಿಗೆ ಈ ಮೂರೂ ಇರುವುದಿಲ್ಲ. ಇದರ ಜೊತೆಗೆ ನಾವು ಕಾಯುವುದೂ ಇಲ್ಲ. ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಮೇರಿ ಬಡ್ ರೋ ತೋರಿಸಿದ್ದರು. ನಮ್ಮ ಪ್ರಶಿಕ್ಷಣಾರ್ಥಿ ಅಷ್ಟೂ ಕಾಯದೆ ಮುಂದಿನ ಬೆಂಚಿಗೆ ಹೋಗಿಬಿಟ್ಟಿದ್ದರು.

ಅಂದಿನ ಪಾಠದ ನಂತರ ನಾವಿಬ್ಬರೂ ಸೇರಿ ಒಂದು ಪಟ್ಟಿ ಮಾಡಿದೆವು. ಆಸ್ಟ್ರೇಲಿಯಾದ ಆನ್ ನ್ಯೂಮನ್ 1970ರ ದಶಕದಲ್ಲಿ ಹೇಳಿಕೆ ಲೆಕ್ಕ ಬಿಡಿಸುವುದರಲ್ಲಿ ಐದು ಹಂತಗಳನ್ನು ಗುರುತಿಸಿದ್ದರು. ಮಗು ಲೆಕ್ಕವನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಅದನ್ನು ಗಣಿತದ ಕ್ರಿಯೆಗೆ ತಿರುಗಿಸಬೇಕು, ಕ್ರಿಯೆ ನಡೆಸಬೇಕು, ಕೊನೆಗೆ ಉತ್ತರವನ್ನು ಸರಿಯಾಗಿ ಬರೆಯಬೇಕು. ಇವುಗಳಲ್ಲಿ ಯಾವ ಹಂತದಲ್ಲಾದರೂ ಮಗು ನಿಂತುಬಿಡಬಹುದು. ಅದನ್ನೇ ಮಕ್ಕಳ ಮಾತಿಗೆ ಇಳಿಸಿ ಹಲಗೆಯ ಮೂಲೆಯಲ್ಲಿ ಬರೆದೆವು:

1. ಏನು ಕೇಳಿದ್ದಾರೆ ಅಂತ ಗೊತ್ತಾಗ್ತಿಲ್ಲ.
2. ಏನು ಕೇಳಿದ್ದಾರೆ ಗೊತ್ತು, ಕೂಡಬೇಕೋ ಕಳೀಬೇಕೋ ಗುಣಿಸಬೇಕೋ ಗೊತ್ತಾಗ್ತಿಲ್ಲ.
3. ಲೆಕ್ಕ ಶುರು ಮಾಡಿದೆ, ಮಧ್ಯದಲ್ಲಿ ಸಿಕ್ಕಿಕೊಂಡೆ.
4. ಮುಗಿಸಿದೆ, ಸರಿಯೋ ತಪ್ಪೋ ನೋಡಬೇಕು.

ಮಕ್ಕಳು ಕೈ ಎತ್ತಬೇಕಾಗಿರಲಿಲ್ಲ. ಎದೆಯ ಹತ್ತಿರ ಬೆರಳು ತೋರಿಸಿದರೆ ಸಾಕಿತ್ತು, ಪಕ್ಕದವರಿಗೆ ಕಾಣುವುದಿಲ್ಲ. ಮಾರನೆಯ ದಿನ ಅರ್ಧ ತರಗತಿಗೂ ಹೆಚ್ಚು ಬೆರಳುಗಳು ಕಂಡವು. ಒಂದು ಬೆರಳು ತೋರಿಸಿದವರನ್ನು ಪ್ರಶಿಕ್ಷಣಾರ್ಥಿ ಒಂದೆಡೆ ಕೂರಿಸಿ ಲೆಕ್ಕವನ್ನು ಕಥೆಯಂತೆ ಹೇಳಿಸಿದರು. ಎರಡು ತೋರಿಸಿದವರಿಗೆ ಚಿತ್ರ ಬರೆಯಲು ಹೇಳಿದರು. ನಾಲ್ಕನೆಯ ಸಾಲಿನ ಪ್ರಯೋಜನವನ್ನು ನಾನು ಮೊದಲು ಊಹಿಸಿರಲಿಲ್ಲ. 18ಕ್ಕೆ ನಿಲ್ಲಿಸಿದ್ದ ಮಕ್ಕಳು ತಮಗೆ ಸಹಾಯ ಬೇಕೆಂದು ಭಾವಿಸಿರಲೇ ಇಲ್ಲ, ಹಾಗಾಗಿ ‘ಡೌಟ್ ಇದೆಯಾ’ ಎಂದು ನೂರು ಸಲ ಕೇಳಿದ್ದರೂ ಅವರು ಸಿಗುತ್ತಿರಲಿಲ್ಲ. ನಾಲ್ಕು ಬೆರಳು ತೋರಿಸಿ ಸಿಕ್ಕರು. ‘18 ಯಾವುದು, ಮಾರಿದ್ದೋ ಉಳಿದದ್ದೋ?’ ಎಂದು ಒಂದೇ ಮಾತು ಕೇಳಿದ್ದಕ್ಕೆ ಹೆಚ್ಚಿನವರು ತಾವೇ 27ಕ್ಕೆ ಬಂದರು.

ನಾನು ಖುಷಿಯಿಂದ ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ ತಂತ್ರ, ಮುಂದುವರಿಸಿ’ ಎಂದು ಬರೆದೆ. ಮುಂದಿನ ಮೂರು ಪಾಠಗಳಿಗೂ ಅದನ್ನೇ ಬರೆದೆ. ತಪ್ಪಿದ್ದು ಅಲ್ಲೇ.

ಕಿಟಕಿಯ ಪಕ್ಕದ ಬೆಂಚಿನ ಹುಡುಗನೊಬ್ಬ ನಾಲ್ಕೂ ದಿನ ಮೂರು ಬೆರಳು ತೋರಿಸಿದ. ಪ್ರತಿ ಸಲವೂ ಪ್ರಶಿಕ್ಷಣಾರ್ಥಿ ಅವನ ಪಕ್ಕ ಕುಳಿತು, ಅವನು ಸಿಕ್ಕಿಕೊಂಡ ಜಾಗ ನೋಡಿ, ಶೇಷ ಉಳಿಯುವ ಭಾಗಾಕಾರವನ್ನು ತಾಳ್ಮೆಯಿಂದ ಹೇಳಿಕೊಟ್ಟರು. ಐದನೆಯ ದಿನ ಅವನು ಲೆಕ್ಕ ಬರೆದುಕೊಳ್ಳಲೇ ಇಲ್ಲ. ‘ನಂಗೆ ಭಾಗಾಕಾರ ಬರಲ್ಲ ಮಿಸ್’ ಎಂದು ಪುಸ್ತಕ ಮುಚ್ಚಿದ. ಆಗ ನಾನು ಎದ್ದು ಹೋಗಿ ಅವನ ಹಳೆಯ ಹಾಳೆಗಳನ್ನು ನೋಡಿದೆ. ಸಕ್ಕರೆಯ ಲೆಕ್ಕದಲ್ಲಿ 45 ÷ 5 = 9 ಎಂದು ಬರೆದಿದ್ದ. ಅದರ ಕೆಳಗೆ 9 ÷ 2, ಭಾಗಲಬ್ಧ 4, ಶೇಷ 1. ಎರಡು ಭಾಗಾಕಾರವೂ ತಪ್ಪಿಲ್ಲದೆ ಮಾಡಿದ್ದ!

ನಾನು ಯಾವ ಆಯ್ಕೆಯನ್ನೂ ಕೊಡದೆ, ‘ಇದನ್ನ ಹೇಗೆ ಮಾಡಿದೆ ಅಂತ ನಂಗೆ ಹೇಳಪ್ಪ’ ಎಂದು ಕೇಳಿ ಸುಮ್ಮನೆ ಕುಳಿತೆ. ಅವನು ಸ್ವಲ್ಪ ಹೊತ್ತು ಹಾಳೆಯನ್ನೇ ನೋಡುತ್ತಿದ್ದ.

‘ಐದರಿಂದ ಭಾಗಿಸಿದೆ. ಆಮೇಲೆ ಎರಡರಿಂದ ಭಾಗಿಸಿದೆ.’

‘ಎರಡರಿಂದ ಯಾಕೆ?’

‘ಎರಡು, ಐದು, ಭಾಗ ಅಂತ ಐತಲ್ಲ ಮೇಡಂ.’

2/5 ಭಾಗ. ಅವನಿಗೆ ‘ಭಾಗ’ ಎಂದರೆ ‘ಭಾಗಿಸು’ ಎಂಬ ಆಜ್ಞೆ. ಮೂರನೇ ತರಗತಿಯಿಂದ ‘ಭಾಗ ಮಾಡು’ ಎಂದು ಕೇಳುತ್ತ ಬಂದ ಮಗುವಿಗೆ ಅದೇ ಪದ ಇಲ್ಲಿ ‘ಪಾಲು’ ಎಂಬ ಅರ್ಥದಲ್ಲಿ ಬಂದಿದೆ ಎಂದು ಯಾರೂ ಹೇಳಿರಲಿಲ್ಲ, ನಮ್ಮ ಪಾಠ ಯೋಜನೆಯಲ್ಲೂ ಇರಲಿಲ್ಲ. ಒಂದು ಕಾಗದದ ಪಟ್ಟಿಯನ್ನು ಐದು ಸಮ ಮಡಿಕೆ ಮಾಡಿಸಿ, ಪ್ರತಿ ಮಡಿಕೆಯಲ್ಲಿ 9 ಬರೆಸಿದೆವು. ಎರಡಕ್ಕೆ ಪೆನ್ಸಿಲ್ ಬಳಿದ, 18. ಬಳಿಯದೆ ಉಳಿದ ಮೂರನ್ನು ತಾನೇ ಎಣಿಸಿ 27 ಎಂದ.

ಗಮನಿಸಬೇಕಾದದ್ದು, ಅವನ ಮೂರು ಬೆರಳು ಪ್ರಾಮಾಣಿಕವಾಗಿದ್ದವು. ಅವನು ನಿಜವಾಗಿಯೂ ಲೆಕ್ಕದ ಮಧ್ಯದಲ್ಲಿ ಸಿಕ್ಕಿಕೊಂಡಿದ್ದ, ಆದರೆ ದಾರಿ ತಪ್ಪಿದ್ದು ಮೊದಲನೆಯ ಹಂತದಲ್ಲಿ. ಆಯ್ಕೆಯ ಪಟ್ಟಿ ಮಗುವನ್ನು ತನ್ನ ಕಷ್ಟವನ್ನು ತಾನೇ ಪತ್ತೆ ಹಚ್ಚಲು ಕೇಳುತ್ತದೆ, ಮತ್ತು ಅರ್ಥ ತಪ್ಪಿಕೊಂಡ ಮಗುವಿಗೆ ತನಗೆ ಅರ್ಥವಾಗಿದೆ ಎಂದೇ ಅನಿಸುತ್ತದೆ. ಓದಲು ತೊಡಕಿರುವ ಮಗುವಿನ ಪಾಡು ಇನ್ನೂ ಬೇರೆ. ಹಲಗೆಯ ಪಟ್ಟಿಯನ್ನೇ ಅದು ಓದಬೇಕಲ್ಲ! ಅಂಥವರು ಪಕ್ಕದವನ ಬೆರಳು ನೋಡಿ ತಾವೂ ಅಷ್ಟೇ ತೋರಿಸುತ್ತಾರೆ.

ನ್ಯೂಮನ್ ತಮ್ಮ ಹಂತಗಳನ್ನು ಮಕ್ಕಳ ಮುಂದೆ ಆಯ್ಕೆಗಳಾಗಿ ಇಟ್ಟಿರಲಿಲ್ಲ. ಮಗುವಿನ ಎದುರು ಕುಳಿತು, ಲೆಕ್ಕ ಓದಿ ಹೇಳು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತೀಯ ಹೇಳು ಎಂದು ಒಂದೊಂದಾಗಿ ಕೇಳುವ ವಿಧಾನ ಅವರದು. ಯಾವ ಹಂತ ಎಂದು ನಿರ್ಧರಿಸುವುದು ಶಿಕ್ಷಕರ ಕೆಲಸವಾಗಿತ್ತು. ಆ ಕೆಲಸವನ್ನು ನಾನು ಮಕ್ಕಳ ಬೆರಳಿಗೆ ವಹಿಸಿದ್ದೆ.

ಹಾಗೆಂದು ಪಟ್ಟಿಯನ್ನು ಕೈಬಿಟ್ಟಿಲ್ಲ. 40 ನಿಮಿಷದ ಅವಧಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳ ಪಕ್ಕ ಕುಳಿತು ‘ಹೇಳಪ್ಪ’ ಎನ್ನಲು ಆಗುವುದಿಲ್ಲ. ಮೊದಲ ಹತ್ತು ನಿಮಿಷ ಯಾರ ಹತ್ತಿರ ಹೋಗಬೇಕು ಎಂದು ತಿಳಿಯಲು, ಬಾಯಿ ಬಿಡದ ಮಗುವಿಗೆ ಒಂದು ಮಾತು ಒದಗಿಸಲು ಪಟ್ಟಿಯೇ ಒಳ್ಳೆಯದು. ಆದರೆ ಪಕ್ಕ ಹೋಗಿ ಕುಳಿತ ಮೇಲೆ, ಪುಸ್ತಕದಲ್ಲಿ ಮಗು ಬರೆದದ್ದು ಏನಾದರೂ ಇದ್ದರೆ, ಬೆರಳನ್ನು ಮರೆತು ಬರೆದದ್ದರ ಬಗ್ಗೆಯೇ ಮುಕ್ತವಾಗಿ ಕೇಳಬೇಕು. ಬರೆದದ್ದು ಏನೂ ಇಲ್ಲದಿದ್ದರೆ ಮುಕ್ತ ಪ್ರಶ್ನೆ ಮತ್ತೆ ‘ಡೌಟ್ ಇದೆಯಾ’ದ ಹಾಗೆ ಗಾಳಿಗೆ ಹೋಗುತ್ತದೆ, ಅಂಥ ಮಗುವಿಗೆ ಲೆಕ್ಕವನ್ನು ಗಟ್ಟಿಯಾಗಿ ಓದಿಸುವುದರಿಂದ ಶುರು ಮಾಡುವುದು ವಾಸಿ. ಒಂದೇ ಮಗು ಎರಡನೆಯ ದಿನವೂ ಅದೇ ಸಂಖ್ಯೆ ತೋರಿಸಿದರೆ ನಾವು ಕೊಟ್ಟ ಸಹಾಯ ತಪ್ಪು ಜಾಗಕ್ಕೆ ಹೋಗುತ್ತಿದೆ ಎಂದು ತಿಳಿಯಬೇಕು.

ಪಾಠದ ನಂತರದ ಚರ್ಚೆಯಲ್ಲಿ ನಾನೂ ಪ್ರಶಿಕ್ಷಣಾರ್ಥಿಗಳನ್ನು ‘ಹೇಗಾಯ್ತು ಪಾಠ? ನನ್ನಿಂದ ಏನು ಸಹಾಯ ಬೇಕು?’ ಎಂದು ಕೇಳುತ್ತೇನೆ. ‘ಚೆನ್ನಾಗಾಯ್ತು ಮೇಡಂ, ಏನೂ ಬೇಡ’ ಎನ್ನುತ್ತಾರೆ, ಅದೇ ರಾಗ. ಈಗ ಇಬ್ಬರು ಮಕ್ಕಳ ಪುಸ್ತಕಗಳನ್ನು ತರಿಸಿ ಮೇಜಿನ ಮೇಲೆ ತೆರೆದಿಟ್ಟು ಮಾತು ಶುರು ಮಾಡುತ್ತಿದ್ದೇನೆ. ವೀಕ್ಷಣಾ ಹಾಳೆಯ ಅಂಚಿನಲ್ಲಿ ಒಂದು ಅಂಕಣ ಎಳೆದುಕೊಂಡಿದ್ದೇನೆ: ಯಾವ ಮಗು, ಯಾವ ಬೆರಳು, ಪುಸ್ತಕದಲ್ಲಿ ಏನಿತ್ತು. ಆ ಹುಡುಗನ ಎದುರು ಮೊದಲ ನಾಲ್ಕು ದಿನದ ಸಾಲುಗಳು ಖಾಲಿ ಇವೆ.