ಸಾವಿರ ಡಾಲರ್ ದಾರಿಯಲ್ಲಿ ಸವೆದದ್ದೆಲ್ಲಿ?

‘ಸಾವಿರ ಡಾಲರಿಗೆ ಬಿಲ್ ಕಳಿಸಿದ್ದೆ, ಮೂರು ಸಾವಿರ ರೂಪಾಯಿ ಕಡಿಮೆ ಬಂತು’ ಎಂದು ಆ ಅಮೆರಿಕದ ಗಿರಾಕಿಗೆ ಖಾರವಾಗಿ ಮೇಲ್ ಬರೆಯಲು ಕೂತಿದ್ದೀರಲ್ಲ, ಸ್ವಲ್ಪ ತಡೆಯಿರಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ. ಬ್ಯಾಂಕಿನ ವಿದೇಶಿ ವಿನಿಮಯ ಕೌಂಟರಿನಲ್ಲಿ ವರ್ಷಗಟ್ಟಲೆ ಕೂತವಳು ನಾನು. ಅವನು ಪೂರ್ತಿ ಕಳಿಸಿದ್ದರೂ ಹೀಗಾಗಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಗಳು ಇಬ್ಬರು ಮೂವರು.

ಲೆಕ್ಕ ಹಾಕೋಣ. ಗೂಗಲ್ ಅಂದು ಡಾಲರಿಗೆ 85 ರೂಪಾಯಿ ತೋರಿಸಿತು ಅಂದುಕೊಳ್ಳಿ. ನೀವು 85,000 ಎಣಿಸಿಕೊಂಡಿರಿ, ಖರ್ಚಿಗೂ ದಾರಿ ಮಾಡಿಟ್ಟಿರಿ! ಅವನ ಬ್ಯಾಂಕಿಗೂ ನಿಮ್ಮ ಬ್ಯಾಂಕಿಗೂ ನೇರ ವ್ಯವಹಾರ ಇಲ್ಲದಿದ್ದರೆ ನಡುವೆ ಇನ್ನೊಂದು ಬ್ಯಾಂಕು ಹಣ ದಾಟಿಸುತ್ತದೆ. ಅದು 20 ಡಾಲರ್ ಮುರಿದುಕೊಂಡರೆ ನಿಮಗೆ ತಲುಪಿದ್ದು 980. ನಿಮ್ಮ ಬ್ಯಾಂಕು ಅದನ್ನು ಗೂಗಲ್ ದರಕ್ಕೆ ಕೊಳ್ಳುವುದಿಲ್ಲ, ತನ್ನ ಟಿ.ಟಿ. ಖರೀದಿ ದರಕ್ಕೆ ಕೊಳ್ಳುತ್ತದೆ. ಅದು 83.80 ಆಗಿದ್ದರೆ 82,124 ರೂಪಾಯಿ. ಅದರ ಮೇಲೆ 200 ರೂಪಾಯಿ ಶುಲ್ಕ, ಆ ಶುಲ್ಕಕ್ಕೆ 36 ರೂಪಾಯಿ ಜಿಎಸ್‌ಟಿ, ಡಾಲರನ್ನು ರೂಪಾಯಿ ಮಾಡಿದ್ದಕ್ಕೆ ಇನ್ನೊಂದು 148 ಜಿಎಸ್‌ಟಿ. ಕೈಗೆ ಬಂದದ್ದು 81,740. ನೋಡಿದಿರಾ, ಎಲ್ಲರೂ ಬೈಯುವುದು ಜಿಎಸ್‌ಟಿಯನ್ನು, ತಿಂದದ್ದು ಮಾತ್ರ ನಡುವಿನ ಬ್ಯಾಂಕು ಮತ್ತು ದರ.

ಆದ್ದರಿಂದ ಮೊದಲು ಗಿರಾಕಿಯಿಂದ ಸ್ವಿಫ್ಟ್ ಕಾಪಿ ಕೇಳಿ ತರಿಸಿಕೊಳ್ಳಿ, ನಿಮ್ಮ ಬ್ಯಾಂಕಿನಿಂದ ಹಣ ಬಂದ ಅಡ್ವೈಸ್ ಪಡೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟರೆ ಡಾಲರ್ ಎಲ್ಲಿ ಕರಗಿತು, ರೂಪಾಯಿ ಎಲ್ಲಿ ಹೋಯಿತು ಎರಡೂ ಕಾಣುತ್ತವೆ. ಸ್ವಿಫ್ಟ್ ಕಾಪಿಯಲ್ಲಿ `SHA` ಎಂದಿದ್ದರೆ ಖರ್ಚು ಇಬ್ಬರಿಗೂ ಹಂಚಿಕೆ, ನಡುವಿನ ಕಡಿತ ನಿಮ್ಮ ತಲೆಗೆ. `OUR` ಎಂದಿದ್ದರೆ ಕಳಿಸುವವನದೇ ಖರ್ಚು. ಮುಂದಿನ ಕೆಲಸ ಒಪ್ಪುವಾಗಲೇ `OUR` ಮಾತಾಡಿ, ಬಿಲ್ಲಿನಲ್ಲೂ ಬರೆಯಿರಿ. ಹಾಗಿದ್ದೂ ಕೆಲವೊಮ್ಮೆ ನಡುವಿನ ಬ್ಯಾಂಕು ಮುರಿದುಕೊಳ್ಳುತ್ತದೆ. ಆಗ ಸ್ವಿಫ್ಟ್ ಕಾಪಿ ಹಿಡಿದು ಕೇಳುವ ಹಕ್ಕು ನಿಮಗಿರುತ್ತದೆ.

ವಾರವಾರವೂ ಇನ್ನೂರು ಇನ್ನೂರು ಡಾಲರ್ ತರಿಸುವ ಚಾಳಿ ಬಿಡಿ. ನಡುವಿನ ಕಡಿತ ಹೆಚ್ಚಾಗಿ ಸಲಕ್ಕಿಷ್ಟು ಎಂದಿರುತ್ತದೆ, ಮೊತ್ತ ನೋಡಿ ಅಲ್ಲ. ನಂಬಿಕಸ್ಥ ಗಿರಾಕಿಯಾದರೆ ತಿಂಗಳಿಗೊಂದೇ ಬಿಲ್ ಸಾಕು. ಮೊತ್ತ ದೊಡ್ಡದಿದ್ದರೆ ಹಣ ರೂಪಾಯಿಯಾಗುವ ಮುಂಚೆಯೇ ಶಾಖೆಗೆ ಫೋನು ಮಾಡಿ ದರ ಚೌಕಾಸಿ ಮಾಡಿ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಜಗ್ಗುವ ನಿಮಗೆ ಇಲ್ಲೇಕೆ ಸಂಕೋಚ? ಜಮೆಯಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು: ಬಂದದ್ದು 980 ಎಂದು ಬಿಲ್ಲನ್ನೇ 980ಕ್ಕೆ ತಿದ್ದಬೇಡಿ. ಬಿಲ್ ಸಾವಿರದ್ದೇ ಇರಲಿ, ಕಡಿತವನ್ನು ಬ್ಯಾಂಕ್ ಖರ್ಚೆಂದು ಬರೆದು ಅಡ್ವೈಸನ್ನು ಜೊತೆಗೆ ಪಿನ್ ಮಾಡಿಡಿ. ಲೆಕ್ಕಪರಿಶೋಧಕರು ಅದನ್ನು ಕೇಳಿಯೇ ಕೇಳುತ್ತಾರೆ.