ಒಂದೇ ಅಂಕಪಟ್ಟಿ, ಎರಡು ಸರಾಸರಿ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಲ್ಲಿ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದ (ಜಿಟಿಯು) ಬಿ.ಇ. ಓದುವವರಿದ್ದರೆ ಅಂಕಪಟ್ಟಿಯ ಎರಡು ಸಂಖ್ಯೆಗಳನ್ನು ಮೊದಲು ಬೇರೆಬೇರೆಯಾಗಿ ಗುರುತಿಸಿಕೊಳ್ಳಬೇಕು. ಸಿಪಿಐ ಎಂದರೆ ಎಲ್ಲ ಎಂಟು ಸೆಮಿಸ್ಟರ್‌ಗಳ ಸರಾಸರಿ. ಸಿಜಿಪಿಎ ಎಂದರೆ ಕೊನೆಯ ನಾಲ್ಕರದ್ದು ಮಾತ್ರ, ಅಂದರೆ ಐದರಿಂದ ಎಂಟರವರೆಗೆ.

ಲೆಕ್ಕ ಶುರುವಾಗುವುದು ಗ್ರೇಡ್‌ನಿಂದ. ಎಎ ಬಂದರೆ 10, ಎಬಿ 9, ಬಿಬಿ 8, ಬಿಸಿ 7, ಸಿಸಿ 6, ಸಿಡಿ 5, ಡಿಡಿ 4, ಎಫ್‌ಎಫ್ ಬಂದರೆ ಸೊನ್ನೆ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಆ ಸೆಮಿಸ್ಟರ್‌ನ ಎಸ್‌ಪಿಐ ಸಿಗುತ್ತದೆ. 20 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ ನಾಲ್ಕು ಕ್ರೆಡಿಟ್‌ನ ಒಂದು ವಿಷಯ ಬಿಸಿ ಬದಲು ಎಫ್‌ಎಫ್ ಆದರೆ 28 ಪಾಯಿಂಟ್ ಹೋಗುತ್ತದೆ, ಎಸ್‌ಪಿಐ 1.4ರಷ್ಟು ಕುಸಿಯುತ್ತದೆ.

ಈಗ ಒಬ್ಬ ವಿದ್ಯಾರ್ಥಿನಿಯ ಉದಾಹರಣೆ ಊಹಿಸೋಣ. ಮೊದಲ ನಾಲ್ಕು ಸೆಮಿಸ್ಟರ್‌ಗಳು ತಲಾ 20 ಕ್ರೆಡಿಟ್, ಎಸ್‌ಪಿಐ 6.2, 6.4, 6.8, 7.0. ಮುಂದಿನ ನಾಲ್ಕರಲ್ಲಿ ಕ್ರೆಡಿಟ್ 22, 22, 20, 16, ಎಸ್‌ಪಿಐ 7.4, 7.8, 8.0, 8.4. ಇಲ್ಲಿ ಎಷ್ಟೋ ಮಂದಿ ನಾಲ್ಕು ಎಸ್‌ಪಿಐ ಕೂಡಿಸಿ ನಾಲ್ಕರಿಂದ ಭಾಗಿಸಿ 7.90 ಎನ್ನುತ್ತಾರೆ. ಅದು ತಪ್ಪು. ಒಳ್ಳೆಯ ಎಸ್‌ಪಿಐ ಬಂದ ಎಂಟನೇ ಸೆಮಿಸ್ಟರ್‌ಗೆ ಕ್ರೆಡಿಟ್ ಕಡಿಮೆ, ಆದ್ದರಿಂದ ತೂಕವೂ ಕಡಿಮೆ. ಕ್ರೆಡಿಟ್‌ನೊಂದಿಗೆ ಗುಣಿಸಿದ ಮೊತ್ತ 628.8, ಅದನ್ನು 80ರಿಂದ ಭಾಗಿಸಿದರೆ ಸಿಜಿಪಿಎ 7.86. ಮೊದಲ ನಾಲ್ಕರ 528 ಸೇರಿಸಿ 160ರಿಂದ ಭಾಗಿಸಿದರೆ ಸಿಪಿಐ 7.23.

ಶೇಕಡಾ ಬೇಕಾದರೆ ಜಿಟಿಯು ಸೂತ್ರ ಸರಳ: 0.5 ಕಳೆದು 10ರಿಂದ ಗುಣಿಸಬೇಕು. ಸಿಜಿಪಿಎಯಿಂದ ಶೇ 73.6, ಸಿಪಿಐಯಿಂದ ಶೇ 67.3. ಡಿಸ್ಟಿಂಕ್ಷನ್ ಎಂದು ರೂಢಿಯಲ್ಲಿರುವ ಶೇ 70ರ ಗೆರೆ ಇವೆರಡರ ನಡುವೆಯೇ ಇದೆ. ಹಾಗಾಗಿ ಕೆಲಸದ ಅರ್ಜಿಯಲ್ಲಿ ಯಾವುದನ್ನು ಕೇಳಿದ್ದಾರೋ ಅದನ್ನೇ ಬರೆಯಬೇಕು.

ಕರ್ನಾಟಕದ ವಿಟಿಯು 2018ರ ಸ್ಕೀಮ್‌ನಲ್ಲಿ ಸಿಜಿಪಿಎ ಎಂದರೆ ಎಲ್ಲ ಸೆಮಿಸ್ಟರ್‌ಗಳ ಸರಾಸರಿ. ಅಲ್ಲಿ ಕಳೆಯುವುದು 0.75, ಡಿಸ್ಟಿಂಕ್ಷನ್‌ಗೆ ಬೇಕಾದದ್ದು 7.75. ಇದೇ 7.23 ಅಲ್ಲಿ ಬರೀ ಫಸ್ಟ್ ಕ್ಲಾಸ್. ಬೆಂಗಳೂರಿನ ಅಣ್ಣನ ಸಿಜಿಪಿಎ ಜೊತೆ ಸೂರತ್‌ನ ತಂಗಿಯ ಸಿಜಿಪಿಎ ಹೋಲಿಸುವುದು ಇಬ್ಬರಿಗೂ ಅನ್ಯಾಯ.

ರ‍್ಯಾಂಕ್‌ನ ವಿಚಾರ ಬೇರೆ. ವಿಟಿಯುನಲ್ಲಿ ಎಲ್ಲ ವಿಷಯಗಳನ್ನೂ ಮೊದಲ ಯತ್ನದಲ್ಲೇ ಪಾಸಾದವರಿಗಷ್ಟೇ ಅದು. ಬ್ಯಾಕ್‌ಲಾಗ್ ಬಿಡಿಸಿಕೊಂಡರೆ ಗ್ರೇಡ್ ಸರಿಹೋಗಬಹುದು, ರ‍್ಯಾಂಕ್‌ನ ಅರ್ಹತೆ ಮರಳುವುದಿಲ್ಲ.

ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯಕ್ಕೂ ಸೂರತ್‌ನ ಎಸ್‌ವಿಎನ್‌ಐಟಿಗೂ ತಮ್ಮದೇ ನಿಯಮಗಳಿವೆ. ಅಲ್ಲಿ ಓದುವವರು ಜಿಟಿಯು ಸೂತ್ರ ಹಾಕಬಾರದು. ನೀವು ಸೇರಿದ ವರ್ಷದ ನಿಯಮಾವಳಿಯ ಪ್ರತಿಯನ್ನು ಐದನೇ ಸೆಮಿಸ್ಟರ್‌ಗೆ ಮುಂಚೆಯೇ ಕಾಲೇಜಿನ ಪರೀಕ್ಷಾ ವಿಭಾಗದಿಂದ ಕೇಳಿ ಪಡೆಯಿರಿ.