ಕುರು ಎದ್ದಾಗ: ಬಿಸಿನೀರಿನ ಶಾಖ ಎಲ್ಲಿಯವರೆಗೆ ಸಾಕು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಕುರು ಎದ್ದರೆ ಮಾವಿನಹಣ್ಣನ್ನೇ ದೂರುತ್ತೇವೆ. ನಿಜವಾದ ಕಾರಣ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಹತ್ತರಲ್ಲಿ ಮೂವರ ಮೂಗಿನೊಳಗೆ ಇದು ತೊಂದರೆ ಕೊಡದೆ ಇರುತ್ತದೆ. ಸೆಕೆಗೆ ಬೆವರಿ, ಬಟ್ಟೆ ಉಜ್ಜಿ ಚರ್ಮ ತರಚಿದಾಗ ಕೂದಲಿನ ಬುಡಕ್ಕೆ ಇಳಿಯುತ್ತದೆ. ಅದರೊಡನೆ ಹೋರಾಡಿ ಸತ್ತ ಬಿಳಿ ರಕ್ತಕಣಗಳೇ ಕೀವು. ದೇಹ ಅದರ ಸುತ್ತ ಗೋಡೆ ಕಟ್ಟುವುದರಿಂದ ಒಳಗೆ ಒತ್ತಡ ಹೆಚ್ಚಿ ನೋಯುತ್ತದೆ. ಕೀವು ಚರ್ಮದ ಹತ್ತಿರಕ್ಕೆ ಬಂದ ಜಾಗದಲ್ಲಿ ಹಳದಿ ಮೂತಿ ಕಾಣುತ್ತದೆ.

ದಿನವಿಡೀ ಕೂತು ಅಡಿಕೆ ಸುಲಿಯುವವರೊಬ್ಬರ ತೊಡೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಕೆಂಪು ಗಂಟು ಎದ್ದಿದೆ ಎಂದುಕೊಳ್ಳಿ.

ಹಂತ 1: ನೋಡಿ. ಒಂದೇ ಕುರು, ಒಂದೇ ಮೂತಿ, ಜ್ವರವಿಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಹಾಗಿದ್ದರೆ ಮನೆಯಲ್ಲೇ ಶುರುಮಾಡಬಹುದು.

ಹಂತ 2: ಶಾಖ ಕೊಡಿ. ಕೈ ತೊಳೆದು, ಒಗೆದ ಬೈರಾಸನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ. ಮಣಿಕಟ್ಟಿನ ಒಳಬದಿಗೆ ಮುಟ್ಟಿಸಿದಾಗ ಹಿತವಾಗಿರಬೇಕು, ಸುಡಬಾರದು. ಕುರುವಿನ ಮೇಲೆ 10–15 ನಿಮಿಷ ಇಡಿ. ತಣಿದರೆ ಮತ್ತೆ ಅದ್ದಿ. ದಿನಕ್ಕೆ ಮೂರು–ನಾಲ್ಕು ಸಲ ಹೀಗೆ ಮಾಡಿ. ಶಾಖಕ್ಕೆ ರಕ್ತದ ಹರಿವು ಹೆಚ್ಚುತ್ತದೆ, ಕುರು ಬೇಗ ಹಣ್ಣಾಗುತ್ತದೆ. ನಮ್ಮ ಸುಲಿಯುವವರ ಗಂಟು ಮೊದಲೆರಡು ದಿನ ದೊಡ್ಡದಾದಂತೆ ಕಂಡರೂ ಗಾಬರಿ ಬೇಡ. ನಾಲ್ಕೈದು ದಿನದಲ್ಲಿ ಮೂತಿ ಮೆತ್ತಗಾಗಿ ತಾನೇ ಒಡೆದರೆ ನೋವು ಥಟ್ಟನೆ ಇಳಿಯುತ್ತದೆ.

ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಆ ಗೋಡೆ ಒಳಮುಖವಾಗಿ ಒಡೆದರೆ ಸೋಂಕು ಆಳಕ್ಕೆ ಹರಡುತ್ತದೆ. ಸುಣ್ಣ-ಬೆಲ್ಲ ಮೆತ್ತುವ ರೂಢಿಯನ್ನೂ ಬಿಡಿ, ಸುಣ್ಣ ಚರ್ಮವನ್ನು ಸುಡುತ್ತದೆ.

ಹಂತ 3: ಒಡೆದ ಮೇಲೆ. ಸೋಪು-ನೀರಿನಲ್ಲಿ ತೊಳೆದು, ಶುಚಿಯಾದ ಬಟ್ಟೆ ಮುಚ್ಚಿ, ಶಾಖ ಇನ್ನೂ ಎರಡು ಮೂರು ದಿನ ಕೊಡಿ. ಆ ಬೈರಾಸನ್ನು ಮನೆಯವರು ಬಳಸಬಾರದು. ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಹಂತ 4: ಶಾಖ ಸಾಲದಿದ್ದರೆ. ವಾರದಲ್ಲಿ ಇಳಿಯದಿದ್ದರೆ, ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ವೈದ್ಯರಿಗೆ ತೋರಿಸಿ. ದೊಡ್ಡದಾಗಿ ಮೆತ್ತಗಾಗಿಯೂ ಒಡೆಯದ ಕುರುವನ್ನು ಅವರು ಸೀಳಿ ಕೀವು ತೆಗೆಯಬೇಕಾಗುತ್ತದೆ, ಮಾತ್ರೆಯೊಂದೇ ಸಾಲದು. ಮೂಗು, ಮೇಲ್ತುಟಿಯ ಕುರುವಿಗೆ ಕಾಯಲೇಬೇಡಿ, ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ಕಡೆಗೆ ಸಂಪರ್ಕವಿದೆ. ಬೆನ್ನು, ಕತ್ತಿನಲ್ಲಿ ಹಲವು ಮೂತಿಗಳಿರುವುದು ಬೆನ್ನುಫಣಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಅಂಥವರು ಮಳೆಗಾಲದಲ್ಲಿ ಗದ್ದೆಯ ಕೆಸರಲ್ಲಿ ದುಡಿದು ಜ್ವರದ ಜೊತೆ ಕುರು ಬಂದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಕರಾವಳಿಯ ಮಣ್ಣಿನಿಂದ ತಗಲುವ ಮೆಲಿಯೊಯ್ಡೋಸಿಸ್ ಕೂಡ ಹೀಗೆ ಕಾಣಬಹುದು, ಅದಕ್ಕೆ ಬೇರೆಯೇ ಔಷಧಿ ಬೇಕು.

ಪದೇ ಪದೇ ಕುರು ಏಳುತ್ತಿದ್ದರೆ ಒಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.